ಮೊದಲ ಮಾರಾಟಗಾರನನ್ನು ಆರಿಸುವ ಅಳತೆಗೋಲು

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಹತ್ತಿರದ ಬಂಧುಗಳ ಮಕ್ಕಳಿಬ್ಬರು, ಅಕ್ಕ ಮತ್ತು ತಮ್ಮ, ಹುಬ್ಬಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಇಂಜಿನಿಯರಿಂಗ್ ಓದಿದವರು. ದೊಡ್ಡ ಕಂಪನಿಗಳ ನೌಕರಿ ಬಿಟ್ಟು ಬಂದು, ಪತ್ತಿನ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಸಿದ್ಧಪಡಿಸುವ ಸಣ್ಣದೊಂದು ಉದ್ಯಮವನ್ನು ಆರಂಭಿಸಿದ್ದಾರೆ. ಠೇವಣಿ, ಸಾಲ, ಪಿಗ್ಮಿ, ಷೇರು ಎಲ್ಲವನ್ನೂ ಒಂದೇ ಕಡೆ ತಾಳೆ ಹಾಕುವ ಏರ್ಪಾಡು ಅದು. ಒಂದೂವರೆ ವರ್ಷದಲ್ಲಿ ಅಕ್ಕನೇ ಊರೂರು ತಿರುಗಿ ಹದಿನಾಲ್ಕು ಸಂಘಗಳಿಗೆ ಅದನ್ನು ಮಾರಿದ್ದಳು. ಆದರೆ ಅಂದು ಇಬ್ಬರ ಮುಖವೂ ಬಾಡಿತ್ತು.

"ಕಾಕಾ, ನಮ್ಮ ಮಾಲು ಛಲೋ ಐತಿ. ಮಾರಾವ್ರನ್ನ ಆರಿಸೂದ ನಮಗ ಗೊತ್ತಾಗವಲ್ದು" ಎಂದ ತಮ್ಮ.

ಸಂಗತಿ ಇಷ್ಟು. ಮಾರಾಟಕ್ಕೆಂದೇ ಅವರು ಮೊದಲ ಬಾರಿಗೆ ಒಬ್ಬರನ್ನು ನೇಮಿಸಿಕೊಂಡಿದ್ದರು. ಸೋದರಮಾವನವರ ಶಿಫಾರಸಿನಿಂದ ಬಂದ ಆ ಗೃಹಸ್ಥರಿಗೆ ಹೆಸರುವಾಸಿ ಕಂಪನಿಯೊಂದರಲ್ಲಿ ಹನ್ನೆರಡು ವರ್ಷಗಳ ಅನುಭವವಿತ್ತು. ಮಾತು ಅರಳು ಹುರಿದಂತೆ. ತಿಂಗಳಿಗೆ 65,000 ರೂಪಾಯಿ ಸಂಬಳ, 'ಮಾರಾಟ ವಿಭಾಗದ ಮುಖ್ಯಸ್ಥ' ಎಂಬ ಪದವಿ. ಏಳು ತಿಂಗಳಲ್ಲಿ ಅವರಿಂದ ಮಾರಾಟವಾದದ್ದು ಎರಡೇ ಸಂಘಗಳಿಗೆ. ಸಂಬಳವೊಂದೇ 4,55,000 ರೂಪಾಯಿ ಹೋಯಿತು. ಅವರನ್ನು ಬಿಡಿಸಿದಾಗ ಸೋದರಮಾವನವರೂ ಮುನಿಸಿಕೊಂಡರು. ಉದ್ಯಮದ ಕೈಯಲ್ಲಿ ಉಳಿದಿದ್ದ ಹಣ ಇನ್ನು ಹತ್ತು ತಿಂಗಳಿಗೆ ಸಾಲುವಷ್ಟು. ಇನ್ನೊಮ್ಮೆ ತಪ್ಪಿದರೆ ಬಾಗಿಲು ಮುಚ್ಚಬೇಕು.

ನಮ್ಮ ಮನೆಗಳ ಮಕ್ಕಳು ಇಂದು ಹೆಚ್ಚಿನ ಸಂಖ್ಯೆಯಲ್ಲಿ ಇಂಥ ನವೋದ್ಯಮಗಳಿಗೆ ಕೈಹಾಕುತ್ತಿದ್ದಾರೆ. ಅಂಥ ಉದ್ಯಮಗಳ ಸಂದರ್ಶನಗಳಿಗೂ ಹೋಗುತ್ತಿದ್ದಾರೆ. ಆದ್ದರಿಂದ ಆ ಅಕ್ಕತಮ್ಮಂದಿರು ಎರಡನೆಯ ಸಲ ಹೇಗೆ ಆಯ್ಕೆ ಮಾಡಿದರು, ಅದರಲ್ಲಿ ನಾವು ಮಾಡಿದ ತಪ್ಪೇನು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇವೆ.

ತಪ್ಪು ಎಲ್ಲಿ ಆಗಿತ್ತು?

ನಾವು ಮೊದಲು ಕೇಳಿದ್ದು, ಆ ಗೃಹಸ್ಥರನ್ನು ಕರೆಯುವಾಗ ಪ್ರಕಟಿಸಿದ್ದ ಕೆಲಸದ ವಿವರಪತ್ರವನ್ನು. ದೊಡ್ಡ ಕಂಪನಿಯೊಂದರ ಜಾಹೀರಾತನ್ನು ನೋಡಿ ಬರೆದದ್ದು ಅದು. ಎಂಬಿಎ ಪದವಿ, ಎಂಟು ವರ್ಷಕ್ಕಿಂತ ಹೆಚ್ಚು ಅನುಭವ, ತಂಡವನ್ನು ಮುನ್ನಡೆಸುವ ಸಾಮರ್ಥ್ಯ, ಉತ್ತಮ ಮಾತುಗಾರಿಕೆ, ಒತ್ತಡದಲ್ಲಿ ದುಡಿಯುವ ಮನೋಭಾವ: ಹೀಗೆ ಹತ್ತು ಸಾಲುಗಳಿದ್ದವು. ಕೆಲಸಕ್ಕೆ ಬಂದವನು ಏನು ಮಾಡಿ ತೋರಿಸಬೇಕು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಬಂದವರೇನೂ ಅಪ್ರಾಮಾಣಿಕರಲ್ಲ. ಅವರು ಹಿಂದೆ ಇದ್ದ ಕಂಪನಿಯಲ್ಲಿ ಗಿರಾಕಿಗಳ ಪಟ್ಟಿಯನ್ನು ಬೇರೊಂದು ವಿಭಾಗ ಒದಗಿಸುತ್ತಿತ್ತು. ಯಂತ್ರವನ್ನು ನಡೆಸಿ ತೋರಿಸಲು ಮತ್ತೊಬ್ಬರು ಹೋಗುತ್ತಿದ್ದರು. ಕಂಪನಿಯ ಹೆಸರು ಹೇಳಿದೊಡನೆ ಬಾಗಿಲು ತೆರೆಯುತ್ತಿತ್ತು. ಇಲ್ಲಿ ಪಟ್ಟಿಯೂ ಇಲ್ಲ, ಹೆಸರೂ ಇಲ್ಲ; ಗದಗ, ಕೊಪ್ಪಳದ ಕಡೆಯ ಸಂಘದ ಕಾರ್ಯದರ್ಶಿಗೆ ಈ ಉದ್ಯಮ ಯಾವುದೆಂದೇ ತಿಳಿಯದು. ನಡೆಯುತ್ತಿರುವ ಮಾರಾಟವನ್ನು ಹೆಚ್ಚಿಸುವ ಕೆಲಸ ಒಂದು. ಮಾರಾಟವು ಹೇಗೆ ಆಗುತ್ತದೆಂಬುದನ್ನು ಕಂಡುಹಿಡಿಯುತ್ತ ಮಾರುವ ಕೆಲಸ ಇನ್ನೊಂದು. ಮೊದಲನೆಯದರಲ್ಲಿ ನುರಿತವರನ್ನು ಕರೆತಂದು ಎರಡನೆಯದಕ್ಕೆ ನಿಲ್ಲಿಸಿದ್ದರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸ್ಥಾಪಕರು ತಾವೇ ಹತ್ತು ಹದಿನೈದು ಗಿರಾಕಿಗಳಿಗೆ ಮಾರುವುದಕ್ಕೆ ಮುಂಚೆ ಮಾರಾಟಗಾರನನ್ನು ನೇಮಿಸಿದರೆ, ಆತನಿಗೆ ಕಲಿಸಲು ಅವರ ಬಳಿ ಏನೂ ಇರುವುದಿಲ್ಲ. ಆತ ಸೋತಾಗ ದೋಷ ಮನುಷ್ಯನಲ್ಲಿದೆಯೋ ಮಾಲಿನಲ್ಲಿದೆಯೋ ತಿಳಿಯುವುದೂ ಇಲ್ಲ. ನಮ್ಮ ಹುಡುಗಿ ತಾನೇ ಹದಿನಾಲ್ಕು ಸಂಘಗಳಿಗೆ ಮಾರಿದ್ದಳಾದ್ದರಿಂದ ಆ ತೊಡಕು ಇರಲಿಲ್ಲ. ಅವಳ ಆ ಅನುಭವದಿಂದಲೇ ಹೊಸ ವಿವರಪತ್ರ ಹುಟ್ಟಬೇಕಾಗಿತ್ತು.

ಸ್ವಂತ ಲೆಕ್ಕದಿಂದ ಹುಟ್ಟಿದ ವಿವರಪತ್ರ

ಹುಡುಗಿಯ ದಿನಚರಿಯನ್ನು ತೆಗೆದು ಎಣಿಸಿದೆವು. ಅವಳು ಭೇಟಿಯಾದ ಸಂಘಗಳು 42, ಕೊಂಡವು 14. ಅಂದರೆ ಮೂರರಲ್ಲಿ ಒಂದು. ಮೊದಲ ಭೇಟಿಯಿಂದ ಆಡಳಿತ ಮಂಡಳಿಯ ಠರಾವಿನವರೆಗೆ ಸುಮಾರು ಎರಡೂವರೆ ತಿಂಗಳು ಹಿಡಿದಿತ್ತು. ಕಾರ್ಯದರ್ಶಿ ಒಪ್ಪಿದರೂ ಮಂಡಳಿ ಒಪ್ಪದೆ ವ್ಯವಹಾರ ಮುಗಿಯುತ್ತಿರಲಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಯಾವ ಸಂಘವೂ ಸಾಫ್ಟ್‌ವೇರ್ ಬದಲಿಸಲು ಒಪ್ಪಿರಲಿಲ್ಲ.

ಮುಂದೆ ಹಣದ ಲೆಕ್ಕ. ಒಂದು ಸಂಘದಿಂದ ಮೊದಲ ವರ್ಷ ಬರುವುದು 36,000 ರೂಪಾಯಿ. ಅದರಲ್ಲಿ ಹಳೆಯ ಲೆಕ್ಕಗಳನ್ನು ತುಂಬಿಕೊಡಲು, ಸಿಬ್ಬಂದಿಗೆ ಕಲಿಸಲು 8,000 ಖರ್ಚು. ಮಾರಾಟಗಾರನಿಗೆ ಪ್ರೋತ್ಸಾಹಧನ 3,000. ಉಳಿಯುವುದು 25,000. ಹೊಸಬನಿಗೆ ತಿಂಗಳಿಗೆ 28,000 ಸಂಬಳ, 9,000 ಪ್ರಯಾಣವೆಚ್ಚ ಎಂದರೆ ವರ್ಷಕ್ಕೆ 4,44,000. ಅದನ್ನು 25,000ದಿಂದ ಭಾಗಿಸಿದರೆ ಹದಿನೆಂಟು ಸಂಘಗಳಾಗುತ್ತವೆ. ಹದಿನೆಂಟನ್ನು ಮಾರಿದಾಗ ಮಾತ್ರ ಅವನ ವೆಚ್ಚ ಅವನ ದುಡಿಮೆಯಿಂದ ಬರುತ್ತದೆ. ಮೂರಕ್ಕೆ ಒಂದರಂತೆ ವರ್ಷಕ್ಕೆ 54 ಸಂಘಗಳನ್ನು, ತಿಂಗಳಿಗೆ ನಾಲ್ಕೈದು ಹೊಸ ಸಂಘಗಳನ್ನು ಆತ ಕಾಣಬೇಕು. ಇದು ಒಬ್ಬ ಮನುಷ್ಯನಿಂದ ಆಗುವ ಕೆಲಸವೇ. ಹುಡುಗಿ ಬೇರೆಲ್ಲ ಕೆಲಸಗಳ ನಡುವೆಯೂ ಅದರ ಅರ್ಧದಷ್ಟನ್ನು ಮಾಡಿದ್ದಳು. ಈ ಲೆಕ್ಕವಿಲ್ಲದೆ ಗುರಿಯನ್ನು ಬರೆದರೆ ಅದು ಆಸೆಯಾಗುತ್ತದೆಯೇ ಹೊರತು ಗುರಿಯಾಗುವುದಿಲ್ಲ.

ಹೀಗೆ ಸಿದ್ಧವಾದ ವಿವರಪತ್ರದ ಮುಖ್ಯಭಾಗವನ್ನು ಇಲ್ಲಿ ಕೊಡುತ್ತಿದ್ದೇವೆ.

*ಹುದ್ದೆ:* ಮಾರಾಟ ಪ್ರತಿನಿಧಿ. ಸ್ಥಾಪಕರ ಹೊರತು ಈ ಕೆಲಸ ಮಾಡುವ ಮೊದಲ ವ್ಯಕ್ತಿ ನೀವೇ.

*ಉದ್ದೇಶ:* ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪತ್ತಿನ ಸಹಕಾರಿ ಸಂಘಗಳನ್ನು ತಾವಾಗಿಯೇ ಹುಡುಕಿ, ಭೇಟಿಯಾಗಿ, ಅವುಗಳ ತೊಂದರೆಯನ್ನು ತಿಳಿದು, ನಮ್ಮ ಸಾಫ್ಟ್‌ವೇರ್ ಮಾರುವುದು. ಕಲಿತದ್ದನ್ನು ಬರೆದು ಸ್ಥಾಪಕರಿಗೆ ತಿಳಿಸುವುದು.

*ಆಗಬೇಕಾದ ಫಲ:* ಮೊದಲ ಮೂರು ತಿಂಗಳಲ್ಲಿ 15 ಹೊಸ ಸಂಘಗಳ ಭೇಟಿ, 2 ಠರಾವು. ಆರು ತಿಂಗಳಿಗೆ ಒಟ್ಟು 6. ವರ್ಷದ ಕೊನೆಗೆ ಒಟ್ಟು 18. ಪ್ರತಿ ಶನಿವಾರ, ಆ ವಾರ ಬೇಡವೆಂದವರು ಏಕೆ ಬೇಡವೆಂದರು ಎಂಬ ಒಂದು ಪುಟದ ಬರಹ.

*ಇಲ್ಲಿ ಇಲ್ಲದ್ದು:* ಕೈಕೆಳಗೆ ಸಿಬ್ಬಂದಿ ಇಲ್ಲ. ಸಿದ್ಧ ಗಿರಾಕಿಗಳ ಪಟ್ಟಿ ಇಲ್ಲ. ಉದ್ಯಮದ ಹೆಸರನ್ನು ಜನ ಕೇಳಿಲ್ಲ. ತಿಂಗಳಲ್ಲಿ ಹದಿನೈದು ದಿನ ತಿರುಗಾಟವಿದೆ.

*ನಾವು ಕೊಡುವುದು:* ನಿಗದಿತ ಸಂಬಳ, ಪ್ರಯಾಣವೆಚ್ಚ, ಪ್ರತಿ ಸಂಘಕ್ಕೆ ಪ್ರೋತ್ಸಾಹಧನ. ಮೊದಲ ನಾಲ್ಕು ವಾರ ಸ್ಥಾಪಕಿ ತಾವೇ ಜೊತೆಗೆ ಬಂದು ಕಲಿಸುತ್ತಾರೆ.

ಪದವಿಯ ಮಾತೇ ಇದರಲ್ಲಿ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಈ ಫಲಗಳನ್ನು ತರಲು ಪದವಿ ಬೇಕೇ ಎಂದು ಕೇಳಿಕೊಂಡಾಗ ಅಗತ್ಯವಿಲ್ಲವೆಂದು ತಿಳಿಯಿತು. 'ಇಲ್ಲಿ ಇಲ್ಲದ್ದು' ಎಂಬ ಸಾಲು ಮಾಡಿದ ಉಪಕಾರ ದೊಡ್ಡದು. ಮೊದಲ ಜಾಹೀರಾತಿಗೆ ಎಪ್ಪತ್ತು ಅರ್ಜಿಗಳು ಬಂದಿದ್ದವು, ಅದಕ್ಕೆ ಹೆಚ್ಚಾಗಿ ದೊಡ್ಡ ಪದವಿ ಬಯಸುವವರೇ ಬರೆದಿದ್ದರು. ಈ ಸಲ ಬಂದದ್ದು ಹತ್ತೊಂಬತ್ತೇ ಅರ್ಜಿ. ಆದರೆ ಹಳ್ಳಿ ಪಟ್ಟಣಗಳಲ್ಲಿ ತಿರುಗಿ ಮಾರಿದವರೇ ಅವರಲ್ಲಿ ಹೆಚ್ಚು. ವಿವರಪತ್ರ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಬಂದ ಅರ್ಜಿಗಳ ಸಂಖ್ಯೆಯಿಂದಲ್ಲ, ಅವುಗಳ ಬಗೆಯಿಂದ ತಿಳಿಯಬೇಕು.

ಅಂಕಪಟ್ಟಿ ಏಕೆ?

ಇಷ್ಟಾದ ಮೇಲೆ ಸಂದರ್ಶನವನ್ನು ಎಂದಿನಂತೆ ನಡೆಸಿಬಿಡಬಹುದಲ್ಲವೇ ಎಂದು ತಮ್ಮ ಕೇಳಿದ. ನಾವು ಅವನಿಗೆ ಒಂದು ಹಳೆಯ ಸಂಗತಿಯನ್ನು ಹೇಳಿದೆವು.

1955ರಲ್ಲಿ ಡೇನಿಯಲ್ ಕಾಹ್ನೆಮನ್ ಎಂಬ ಇಪ್ಪತ್ತೊಂದರ ತರುಣ ಇಸ್ರೇಲಿನ ಸೈನ್ಯದಲ್ಲಿದ್ದರು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ವಿದ್ವಾಂಸರು ಅವರೇ. ಸೈನ್ಯಕ್ಕೆ ಸೇರುವವರನ್ನು ಸಂದರ್ಶಿಸಿ ಯಾರು ಯಾವ ಕೆಲಸಕ್ಕೆ ತಕ್ಕವರೆಂದು ಹೇಳುವ ಪದ್ಧತಿ ಅಲ್ಲಿ ಇತ್ತು. ಸಂದರ್ಶಕರು ಇಪ್ಪತ್ತು ನಿಮಿಷ ಮಾತನಾಡಿ ಒಟ್ಟಾರೆ ಅಭಿಪ್ರಾಯ ಕೊಡುತ್ತಿದ್ದರು; ಆ ಅಭಿಪ್ರಾಯಕ್ಕೂ ಮುಂದಿನ ನಡವಳಿಕೆಗೂ ಹೊಂದಾಣಿಕೆಯೇ ಕಾಣುತ್ತಿರಲಿಲ್ಲ. ಕಾಹ್ನೆಮನ್ ಅದನ್ನು ಬದಲಿಸಿದರು. ಆರು ಗುಣಗಳನ್ನು ಗೊತ್ತುಮಾಡಿ, ಒಂದೊಂದರ ಬಗ್ಗೆಯೂ ಹಿಂದಿನ ಜೀವನದ ನಿಜಸಂಗತಿಗಳನ್ನೇ ಕೇಳಿ, ಒಂದಕ್ಕೆ ಅಂಕ ಬರೆದ ನಂತರವೇ ಮುಂದಿನದಕ್ಕೆ ಹೋಗಬೇಕೆಂದರು. ನಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತೀರಿ ಎಂದು ಸಂದರ್ಶಕರು ಸಿಟ್ಟಾದರು. ಆಗ ಅವರು, ಆರೂ ಅಂಕಗಳನ್ನು ಬರೆದ ಮೇಲೆ ಕಣ್ಣುಮುಚ್ಚಿ ನಿಮ್ಮ ಮನಸ್ಸಿಗೆ ತೋರಿದ ಅಂಕವನ್ನೂ ಒಂದು ಕೊಡಿ ಎಂದರು. ಹೊಸ ಪದ್ಧತಿ ಹಳೆಯದಕ್ಕಿಂತ ಬಹಳ ಮೇಲಾಯಿತು. ವಿಶೇಷವೆಂದರೆ, ಕಣ್ಣುಮುಚ್ಚಿ ಕೊಟ್ಟ ಅಂಕವೂ ಆರರ ಮೊತ್ತದಷ್ಟೇ ಸರಿಯಾಗಿ ಬಂತು. ಮನಸ್ಸಿನ ತೀರ್ಪು ಕೆಟ್ಟದ್ದಲ್ಲ. ಸಂಗತಿಗಳನ್ನು ಒಂದೊಂದಾಗಿ ಕಾಣುವ ಮೊದಲೇ ಅದು ಬಂದುಬಿಟ್ಟರೆ ಕೆಡುತ್ತದೆ.

ಏಕೆ ಕೆಡುತ್ತದೆಂದರೆ, ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಬೀಳುತ್ತದೆ. ಚೆನ್ನಾಗಿ ಮಾತನಾಡುವವನು ಶ್ರಮಜೀವಿಯೂ ನಂಬಿಗಸ್ಥನೂ ಆಗಿ ಕಾಣುತ್ತಾನೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 1920ರಲ್ಲಿಯೇ ತೋರಿಸಿದ್ದರು. ಮಾರಾಟದ ಸಂದರ್ಶನದಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಏಕೆಂದರೆ ಎದುರಿಗೆ ಕುಳಿತವನ ಕಸುಬೇ ಒಳ್ಳೆಯ ಅಭಿಪ್ರಾಯ ಮೂಡಿಸುವುದು.

ನಾಲ್ಕು ಗುಣಗಳು, ಐವತ್ತು ಅಂಕಗಳು

ಯಾವ ಗುಣಗಳನ್ನು ಅಳೆಯಬೇಕು? ಹುಡುಗಿ ತಾನು ಮಾರಿದ ಹದಿನಾಲ್ಕನ್ನೂ ಮಾರಲಾಗದ ಇಪ್ಪತ್ತೆಂಟನ್ನೂ ನೆನೆದು ನಾಲ್ಕನ್ನು ಆರಿಸಿದಳು. ಅಮೆರಿಕದ ಹಬ್‌ಸ್ಪಾಟ್ ಎಂಬ ಕಂಪನಿ ಸಣ್ಣದಿದ್ದಾಗ, 2007ರಲ್ಲಿ, ಅದರ ಮಾರಾಟ ವಿಭಾಗವನ್ನು ಕಟ್ಟಿದ ಮಾರ್ಕ್ ರೋಬರ್ಜ್ ಎಂಬವರು ಪ್ರತಿ ಅಭ್ಯರ್ಥಿಗೂ ಅಂಕ ಬರೆದಿಟ್ಟು, ಮುಂದೆ ಅವರು ಮಾಡಿದ ಮಾರಾಟದೊಡನೆ ಅದನ್ನು ತಾಳೆ ನೋಡಿದರು. ತಿದ್ದಿಕೊಳ್ಳುವ ಗುಣ, ಕುತೂಹಲ, ಹಿಂದಿನ ಸಾಧನೆ, ಬುದ್ಧಿ, ದುಡಿಮೆ ಎಂಬ ಐದು ಅವರಿಗೆ ಮುಖ್ಯವಾಗಿ ಕಂಡವು. ಅವರ ಮಾಲು ಬೇರೆ, ನಮ್ಮ ಮಾಲು ಬೇರೆ. ಆದರೂ ಹುಡುಗಿಯ ಪಟ್ಟಿ ಅದಕ್ಕೆ ಹತ್ತಿರವಾಗಿಯೇ ಇತ್ತು. ಪ್ರತಿ ಗುಣಕ್ಕೂ ಒಂದರಿಂದ ಐದರವರೆಗೆ ಅಂಕ. ಅದನ್ನು ಆ ಗುಣದ ತೂಕದಿಂದ ಗುಣಿಸಬೇಕು.

ಮೊದಲನೆಯದು ಕೇಳಿ ತಿಳಿಯುವ ಗುಣ, ತೂಕ ಮೂರು. ಸಂಘದ ಕಾರ್ಯದರ್ಶಿಯ ತೊಂದರೆ ಏನೆಂದು ತಿಳಿಯದೆ ಸಾಫ್ಟ್‌ವೇರ್ ಹೊಗಳುವವನು ಮಾರಲಾರ. ಎರಡನೆಯದು ತಿದ್ದಿಕೊಳ್ಳುವ ಗುಣ, ಇದರ ತೂಕವೂ ಮೂರು. ಮಾರುವ ರೀತಿ ಇನ್ನೂ ಸಿದ್ಧವಾಗಿಲ್ಲದಾಗ ವಾರವಾರವೂ ಬದಲಾಗಬಲ್ಲವನೇ ಬೇಕು. ಮೂರನೆಯದು ಬೆನ್ನುಬಿಡದ ಕ್ರಮಬದ್ಧತೆ, ತೂಕ ಎರಡು. ನಾಲ್ಕನೆಯದು ಲೆಕ್ಕದ ನೇರತನ, ಅಂದರೆ ತನ್ನ ಸೋಲುಗೆಲುವನ್ನು ಇದ್ದಂತೆ ಹೇಳುವುದು, ತೂಕ ಎರಡು. ಎಲ್ಲಕ್ಕೂ ಐದು ಬಂದರೆ ಐವತ್ತು. ಆಯ್ಕೆಗೆ ಕನಿಷ್ಠ 35 ಬರಬೇಕು, ಯಾವ ಗುಣದಲ್ಲಿಯೂ ಮೂರಕ್ಕಿಂತ ಕಡಿಮೆ ಇರಬಾರದು ಎಂದು ಯಾರ ಮುಖವನ್ನೂ ನೋಡುವ ಮುಂಚೆಯೇ ಗೊತ್ತುಮಾಡಿದರು. ಮಾತುಗಾರಿಕೆಗೆ ಬೇರೆ ಸಾಲು ಕೊಡಲಿಲ್ಲ. ಅದು ಕೇಳದೆಯೇ ಅಂಕ ಪಡೆಯುತ್ತದೆ. ಸಹಕಾರಿ ಸಂಘಗಳ ಪರಿಚಯಕ್ಕೂ ಸಾಲು ಇಲ್ಲ. ಅದನ್ನು ನಾಲ್ಕು ವಾರಗಳಲ್ಲಿ ಕಲಿಸಬಹುದು.

ಅಂಕದ ಅರ್ಥವನ್ನು ಬರೆದಿಡದಿದ್ದರೆ ಒಬ್ಬರ ನಾಲ್ಕು ಇನ್ನೊಬ್ಬರ ಎರಡಾಗುತ್ತದೆ. ಆದ್ದರಿಂದ ಒಂದು, ಮೂರು, ಐದು ಎಂದರೆ ಕಣ್ಣಿಗೆ ಏನು ಕಾಣಬೇಕು ಎಂಬುದನ್ನು ಪ್ರತಿ ಗುಣದ ಎದುರಿಗೂ ಬರೆದರು. ತಿದ್ದಿಕೊಳ್ಳುವ ಗುಣವನ್ನು ಅಳೆದ ಬಗೆಯನ್ನು ಇಲ್ಲಿ ಹೇಳುತ್ತೇವೆ. ಅಭ್ಯರ್ಥಿಗೆ ಹಿಂದಿನ ದಿನವೇ ಸಾಫ್ಟ್‌ವೇರಿನ ಎರಡು ಪುಟದ ವಿವರಣೆ ಕೊಟ್ಟಿದ್ದರು. ಸಂದರ್ಶನದಲ್ಲಿ ಹುಡುಗಿ ಸಂಘದ ಕಾರ್ಯದರ್ಶಿಯಂತೆ ಕುಳಿತಳು. ಅಭ್ಯರ್ಥಿ ಹತ್ತು ನಿಮಿಷ ಮಾರಬೇಕು. ಬಳಿಕ ಅವಳು ಎರಡೇ ಎರಡು ತಿದ್ದುಪಡಿ ಹೇಳುತ್ತಾಳೆ. ಐದು ನಿಮಿಷ ಬಿಟ್ಟು ಆತ ಮತ್ತೆ ಮಾರಬೇಕು. ಅಂಕ ಮೊದಲ ಸಲದ ಚಂದಕ್ಕಲ್ಲ, ಎರಡರ ನಡುವಿನ ಬದಲಾವಣೆಗೆ. ತಾನು ಮಾಡಿದ್ದೇ ಸರಿ ಎಂದು ವಾದಿಸಿದರೆ ಒಂದು. ಒಂದು ತಿದ್ದುಪಡಿಯನ್ನು ಅಳವಡಿಸಿಕೊಂಡರೆ ಮೂರು. ಎರಡನ್ನೂ ಅಳವಡಿಸಿಕೊಂಡು, ಇನ್ನೇನು ತಪ್ಪಿತೆಂದು ತಾನೇ ಕೇಳಿದರೆ ಐದು.

ನೇರತನಕ್ಕೆ ಕೇಳಿದ್ದು ಸಂಖ್ಯೆಗಳನ್ನು. ಕಳೆದ ವರ್ಷ ನಿಮಗಿದ್ದ ಗುರಿ ಎಷ್ಟು, ಮುಟ್ಟಿದ್ದೆಷ್ಟು, ಅದರಲ್ಲಿ ನೀವೇ ಹುಡುಕಿದ ಗಿರಾಕಿಗಳೆಷ್ಟು, ಕಂಪನಿ ಕೊಟ್ಟವರೆಷ್ಟು? ನಂತರ, ಆಗ ನಿಮ್ಮ ಮೇಲಿದ್ದವರು ಯಾರು, ನಾವು ಫೋನ್ ಮಾಡಿದಾಗ ಅವರು ನಿಮ್ಮ ಬಗ್ಗೆ ಏನು ಹೇಳುತ್ತಾರೆ? ಕೊನೆಯ ಪ್ರಶ್ನೆ ಬಂದಾಗ ಹಲವರ ಸಂಖ್ಯೆಗಳು ತಾವಾಗಿಯೇ ಸ್ವಲ್ಪ ಕೆಳಗಿಳಿಯುವುದನ್ನು ಕಂಡೆವು. ಆಯ್ಕೆಯಾದವರ ವಿಷಯದಲ್ಲಿ ನಿಜವಾಗಿಯೂ ಫೋನ್ ಮಾಡಿ ವಿಚಾರಿಸಲೇಬೇಕು.

ನಮ್ಮ ತಪ್ಪು

ಪತ್ತಿನ ಸಂಘವೊಂದರ ಆಡಳಿತ ಮಂಡಳಿಯಲ್ಲಿ ಕೆಲಕಾಲ ಕುಳಿತಿದ್ದ ಅನುಭವ ನಮಗಿತ್ತು. ಆದ್ದರಿಂದ ಮೂರನೆಯವರಾಗಿ ಅಂಕ ಕೊಡಲು ಮಕ್ಕಳು ನಮ್ಮನ್ನೂ ಕೂರಿಸಿಕೊಂಡರು. ಮೂವರೂ ಪರಸ್ಪರ ಮಾತನಾಡದೆ, ಅಭ್ಯರ್ಥಿ ಎದ್ದು ಹೋದ ಕೂಡಲೇ, ಅಂಕವನ್ನೂ ಅದಕ್ಕೆ ಆಧಾರವಾದ ಸಂಗತಿಯನ್ನೂ ಬರೆಯಬೇಕೆಂಬುದು ನಿಯಮ.

ಕೊನೆಗೆ ಉಳಿದವರು ಮೂವರು. ಮೊದಲನೆಯವರು ಬಹು ಸೊಗಸುಗಾರ ಮಾತಿನವರು. ಹತ್ತು ನಿಮಿಷದಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ; ತಿದ್ದುಪಡಿ ಹೇಳಿದಾಗ, ದೊಡ್ಡ ಗಿರಾಕಿಗಳ ಮುಂದೆ ಹೀಗೆಯೇ ಹೇಳಬೇಕಾಗುತ್ತದೆ ಎಂದರು. ಹುಡುಗಿ ಕೊಟ್ಟ ಅಂಕ ಎರಡು, ಎರಡು, ಮೂರು, ನಾಲ್ಕು. ತೂಕದಿಂದ ಗುಣಿಸಿದರೆ ಆರು, ಆರು, ಆರು, ಎಂಟು, ಒಟ್ಟು 26. ಅಂಕಪಟ್ಟಿ ಇಲ್ಲದಿದ್ದರೆ ಅವರನ್ನೇ ಆರಿಸುತ್ತಿದ್ದೆವೆಂದು ಮೂವರೂ ಒಪ್ಪಿಕೊಂಡೆವು.

ಎರಡನೆಯವನು ಗದಗ ಜಿಲ್ಲೆಯ ಹುಡುಗ. ಬೀಜ ವಿತರಕರೊಬ್ಬರ ಬಳಿ ನಾಲ್ಕು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿದವನು. ಮಾತು ನಿಧಾನ, ಅಲ್ಲಲ್ಲಿ ತಡೆಯುತ್ತಿತ್ತು. ಆದರೆ ಕುಳಿತೊಡನೆ, ಪಿಗ್ಮಿ ಹಣದ ಲೆಕ್ಕವನ್ನು ಸಂಜೆ ಯಾರು ತಾಳೆ ನೋಡುತ್ತಾರೆ, ತಪ್ಪು ಬಂದರೆ ಯಾರು ತುಂಬುತ್ತಾರೆ ಎಂದು ಕೇಳಿದ. ಮಂಡಳಿಯಲ್ಲಿ ಇನ್ನು ಯಾರ ಒಪ್ಪಿಗೆ ಬೇಕೆಂದು ಕೇಳಬೇಕು, ಮುಂದಿನ ಭೇಟಿಯ ದಿನ ಗೊತ್ತುಮಾಡದೆ ಏಳಬಾರದು ಎಂದು ಹುಡುಗಿ ತಿದ್ದಿದಳು. ಎರಡನೆಯ ಸಲ ಎರಡನ್ನೂ ಮಾಡಿದ. ಮೂವರ ಅಂಕಗಳು 43, 40, 37, ಸರಾಸರಿ 40.

ಮೂರನೆಯವನನ್ನು ಕಳಿಸಿದವರು ನಾವೇ. ಹಳೆಯ ಸ್ನೇಹಿತರ ಮಗ, ವಿನಯವಂತ. ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಹೊತ್ತವನು. ಅವನಿಗೆ ಹುಡುಗಿ ಕೊಟ್ಟದ್ದು ಮೂರು, ಎರಡು, ನಾಲ್ಕು, ನಾಲ್ಕು: ಒಟ್ಟು 31. ತಮ್ಮ ಕೊಟ್ಟದ್ದು 34. ನಾವು ಕೊಟ್ಟದ್ದು ನಾಲ್ಕು, ನಾಲ್ಕು, ನಾಲ್ಕು, ಐದು: ಒಟ್ಟು 42. ಮೂರರ ಸರಾಸರಿ 35ನ್ನು ದಾಟುತ್ತಿತ್ತು.

ಆದರೆ ಇಬ್ಬರ ಅಂಕದಲ್ಲಿ ಎರಡರಷ್ಟು ಅಂತರ ಬಂದರೆ ಸರಾಸರಿ ತೆಗೆಯಬಾರದು, ಆಧಾರವನ್ನು ಓದಬೇಕು ಎಂಬ ನಿಯಮವೂ ಇತ್ತು. ತಿದ್ದಿಕೊಳ್ಳುವ ಗುಣಕ್ಕೆ ಅವಳದು ಎರಡು, ನಮ್ಮದು ನಾಲ್ಕು. ಹುಡುಗಿ ತನ್ನ ಬರಹ ಓದಿದಳು: 'ಎರಡೂ ತಿದ್ದುಪಡಿಗೆ ತಲೆಯಾಡಿಸಿದ, ಎರಡನೆಯ ಸಲವೂ ಮೊದಲಿನಂತೆಯೇ ಬೆಲೆಯಿಂದ ಆರಂಭಿಸಿದ, ದಿನಾಂಕ ಕೇಳಲು ಅರ್ಧ ಪ್ರಯತ್ನ.' ನಮ್ಮ ಹಾಳೆಯಲ್ಲಿ ಆಧಾರದ ಜಾಗ ಖಾಲಿ ಇತ್ತು. ಆಕೆ ಏನೂ ಅನ್ನಲಿಲ್ಲ. ನಾವು ಅಂಕ ಕೊಟ್ಟದ್ದು ನಮ್ಮ ಸ್ನೇಹಿತರಿಗೆ, ಆ ಹುಡುಗನಿಗಲ್ಲ ಎಂಬುದು ಆ ಖಾಲಿ ಜಾಗವನ್ನು ನೋಡಿದಾಗ ನಮಗೇ ತಿಳಿಯಿತು. ಪೆನ್ನು ತೆಗೆದುಕೊಂಡು ಮೂರು, ಎರಡು, ನಾಲ್ಕು, ನಾಲ್ಕು ಎಂದು ತಿದ್ದಿದೆವು. ಶಿಫಾರಸು ಮಾಡಿದವರು ಅಂಕ ಕೊಡುವಲ್ಲಿ ಕೂರಬಾರದೆಂಬ ಸಾಲನ್ನು ಅಂದೇ ನಿಯಮಗಳಿಗೆ ಸೇರಿಸಿದೆವು.

ಆ ಹುಡುಗನ ಮನೆಗೆ ನಾವೇ ಹೋಗಿ ಹೇಳಿದೆವು. ಆಗಲಿಲ್ಲ ಎಂದಷ್ಟೇ ಹೇಳದೆ, ಯಾವ ಗುಣಕ್ಕೆ ಎಷ್ಟು ಅಂಕ ಬಂತು, ಏಕೆ ಬಂತು ಎಂಬುದನ್ನು ಹಾಳೆ ತೋರಿಸಿ ವಿವರಿಸಿದೆವು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ರಿ" ಎಂದರು. ಕ್ರಮಬದ್ಧತೆಯಲ್ಲಿ ಅವನಿಗೆ ನಾಲ್ಕು ಬಂದಿತ್ತು. ಈಗ ಅವನು ಉಗ್ರಾಣವೊಂದರ ಲೆಕ್ಕ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಸೋದರಮಾವನವರ ಮುನಿಸು ಹುಟ್ಟಿದ್ದು, ಅವರು ಕಳಿಸಿದವರನ್ನು ಬಿಡಿಸುವಾಗ ತೋರಿಸಲು ಇಂಥ ಹಾಳೆಯೊಂದು ಇರಲಿಲ್ಲವಾದ್ದರಿಂದ.

ಆರು ತಿಂಗಳ ಮೇಲೆ

ಗದಗ ಜಿಲ್ಲೆಯ ಹುಡುಗ ಕೆಲಸಕ್ಕೆ ಸೇರಿದ. ಮೂರು ತಿಂಗಳಿಗೆ ಹದಿನಾರು ಭೇಟಿ, ಒಂದು ಠರಾವು. ಆರು ತಿಂಗಳಿಗೆ ಐದು, ಗುರಿ ಆರಿತ್ತು. ಗುರಿ ತಪ್ಪಿತಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲಿ ಮಕ್ಕಳು ಮಾಡಿದ ಇನ್ನೊಂದು ಏರ್ಪಾಡು ನೆರವಿಗೆ ಬಂತು. ಹಣವಿರುವ ಉದ್ಯಮಗಳು ಮೊದಲಿಗೆ ಇಬ್ಬರು ಮಾರಾಟಗಾರರನ್ನು ಒಟ್ಟಿಗೇ ನೇಮಿಸುತ್ತವೆ. ಇಬ್ಬರೂ ಸೋತರೆ ದೋಷ ಮಾಲಿನಲ್ಲಿ ಅಥವಾ ಮಾರುವ ರೀತಿಯಲ್ಲಿ, ಒಬ್ಬನೇ ಸೋತರೆ ದೋಷ ಅವನಲ್ಲಿ ಎಂದು ತಿಳಿಯಲು ಈ ಉಪಾಯ. ಇವರಿಗೆ ಆ ಶಕ್ತಿ ಇರಲಿಲ್ಲ. ಬದಲಾಗಿ ಹುಡುಗಿ ಮಾರಾಟ ನಿಲ್ಲಿಸದೆ, ಬೆಳಗಾವಿ ಜಿಲ್ಲೆಯಲ್ಲಿ ತಾನೂ ಮಾರುತ್ತಲೇ ಇದ್ದಳು. ಅವಳಿಗೂ ಆ ಅವಧಿಯಲ್ಲಿ ನಾಲ್ಕು ಭೇಟಿಗೆ ಒಂದರಂತೆ ಮಾತ್ರ ಆಗಿತ್ತು. ಮಾರ್ಚ್ ನಡುವೆ ಬಂದದ್ದೇ ಕಾರಣ. ದೋಷ ಹುಡುಗನಲ್ಲಿ ಇರಲಿಲ್ಲ. ತಿಂಗಳುಗಳನ್ನು ನೋಡದೆ ಗುರಿ ಬರೆದವರಲ್ಲಿತ್ತು.

ವಿವರಪತ್ರದಲ್ಲಿ ಇನ್ನೊಂದು ಕೊರತೆಯೂ ಹೊರಬಿತ್ತು. ಆಡಳಿತ ಮಂಡಳಿಗಳ ಸಭೆ ಹೆಚ್ಚಾಗಿ ಸಂಜೆಯೋ ಭಾನುವಾರವೋ ನಡೆಯುತ್ತದೆ. ರಾತ್ರಿ ಹಿಂದಿರುಗಲು ಬಸ್ಸಿಲ್ಲದೆ ಹುಡುಗ ಎರಡು ಸಲ ಬಸ್ ನಿಲ್ದಾಣದಲ್ಲಿ ಕಳೆದನಂತೆ. ಹುಡುಗಿಗೆ ಸ್ವಂತ ವಾಹನವಿದ್ದುದರಿಂದ ಇದು ಹೊಳೆದೇ ಇರಲಿಲ್ಲ. ಈಗ ಸಂಜೆಯ ಸಭೆಯ ಮಾತನ್ನೂ ತಂಗುವ ವೆಚ್ಚವನ್ನೂ ವಿವರಪತ್ರದಲ್ಲಿ ಸೇರಿಸಿದ್ದಾರೆ.

ಒಬ್ಬನ ಆಯ್ಕೆಯಿಂದ ಅಂಕಪಟ್ಟಿ ಸರಿಯೆಂದು ಸಿದ್ಧವಾಗುವುದಿಲ್ಲ. ರೋಬರ್ಜ್ ಅವರಂತೆ ತೂಕಗಳನ್ನು ಪರೀಕ್ಷಿಸಲು ಅನೇಕರ ನೇಮಕವಾಗಬೇಕು. ಅದಕ್ಕಾಗಿಯೇ ಮೂವರ ಹಾಳೆಗಳನ್ನೂ ಒಂದು ಕಡತದಲ್ಲಿ ಹಾಕಿಟ್ಟಿದ್ದಾರೆ. ಎರಡನೆಯವರನ್ನು, ಮೂರನೆಯವರನ್ನು ನೇಮಿಸುವಾಗ ಅಂದು ಕೊಟ್ಟ ಅಂಕಕ್ಕೂ ಇಂದು ಕಂಡ ಕೆಲಸಕ್ಕೂ ಎಲ್ಲಿ ತಾಳೆಯಾಯಿತು, ಎಲ್ಲಿ ತಪ್ಪಿತೆಂದು ನೋಡಿ ತೂಕ ಬದಲಿಸಬಹುದು.

ಕಳೆದ ವಾರ ತಮ್ಮ ಫೋನ್ ಮಾಡಿದ್ದ. ಹುಡುಗ ಒಂಬತ್ತನೆಯ ಸಂಘದ ಠರಾವಿನ ಪ್ರತಿ ತಂದನಂತೆ. ಇನ್ನೊಬ್ಬರನ್ನು ನೇಮಿಸುವ ಯೋಚನೆ ಇದೆಯಂತೆ. "ಕಾಕಾ, ಈ ಸಲನೂ ಬಂದ ಕೂಡ್ರಿ" ಎಂದ. ಯಾರನ್ನೂ ಕಳಿಸುವುದಿಲ್ಲವಾದರೆ ಮಾತ್ರ ಬಂದು ಕೂರುತ್ತೇವೆ ಎಂದು ಹೇಳಿದ್ದೇವೆ.